ಆರು ತಿಂಗಳ ಪ್ರೊಬೇಷನ್, ಒಂದು ತೀರ್ಮಾನ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಅಕೌಂಟ್ಸ್ ವಿಭಾಗಕ್ಕೆ ಜೂನ್ 1ರಂದು ಹೊಸ ಹುಡುಗಿಯೊಬ್ಬಳು ಸೇರುತ್ತಾಳೆ. ನೇಮಕಾತಿ ಪತ್ರದಲ್ಲಿ ಆರು ತಿಂಗಳ ಪ್ರೊಬೇಷನ್ ಅಂತಿದೆ, ಅಂದರೆ ನವೆಂಬರ್ 30ಕ್ಕೆ ಮುಗಿಯಬೇಕು. ನಮ್ಮ ಕಡೆಯ ಎಷ್ಟೋ ಆಫೀಸುಗಳಲ್ಲಿ ಈ ತಾರೀಖು ಮ್ಯಾನೇಜರಿಗೆ ನೆನಪಾಗುವುದು ಎಚ್‌ಆರ್‌ನಿಂದ ಫಾರ್ಮ್ ಬಂದ ದಿನವೇ. ಆಮೇಲೆ ಕಳೆದ ಹದಿನೈದು ದಿನಗಳಲ್ಲಿ ಕಂಡದ್ದನ್ನೇ ಆರು ತಿಂಗಳ ಸಾಧನೆಯೆಂದು ಬರೆದು ಕಳಿಸುತ್ತಾರೆ.

ಗುರಿಯನ್ನು ಮೊದಲ ವಾರವೇ ಬರೆದುಕೊಡಬೇಕು. ‘ಶ್ರದ್ಧೆಯಿಂದ ಕೆಲಸ ಮಾಡತಕ್ಕದ್ದು’ ಎನ್ನುವುದು ಗುರಿಯಲ್ಲ, ಅದನ್ನು ಅಳೆಯುವುದು ಹೇಗೆ? ಈ ಹುಡುಗಿಗೆ ಎರಡೇ ಗುರಿ ಸಾಕು. ಮೂರನೇ ತಿಂಗಳಿನಿಂದ ಪ್ರತಿ 5ನೇ ತಾರೀಖಿನೊಳಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಮ್ಮ ಲೆಕ್ಕಪುಸ್ತಕದ ಜೊತೆ ತಾಳೆ ಹಾಕಿ, ಹೊಂದದ ಪ್ರತಿ ನಮೂದಿಗೂ ಕಾರಣ ಬರೆಯಬೇಕು. ನಾಲ್ಕನೇ ತಿಂಗಳಿನಿಂದ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಹೋಲಿಸಬೇಕು. ಆ ಪಟ್ಟಿ ಪೋರ್ಟಲ್‌ಗೆ ಬರುವುದು 14ಕ್ಕೆ, ರಿಟರ್ನ್ ಕಟ್ಟಬೇಕಾದ್ದು 20ಕ್ಕೆ. ನಡುವೆ ಸಿಗುವ ಆ ಆರು ದಿನಗಳಲ್ಲೇ ಅವಳ ಕೆಲಸ ಎಷ್ಟು ಪಕ್ಕಾ ಎಂಬುದು ತಿಳಿಯುತ್ತದೆ.

ಮಾತುಕತೆ ತಿಂಗಳಿಗೊಮ್ಮೆ, ಅರ್ಧ ಗಂಟೆ ಸಾಕು. ಆದರೆ ಎದುರಿಗೆ ಕಾಗದ ಇರಬೇಕು. ಆಗಸ್ಟ್‌ನ ಸಭೆಯಲ್ಲಿ ಮ್ಯಾನೇಜರ್, “ಸಸ್ಪೆನ್ಸ್ ಖಾತೆಯಲ್ಲಿ ಇಷ್ಟೊಂದು ದುಡ್ಡು ಯಾಕೆ ಬಿದ್ದಿದೆ?” ಎಂದು ಕೇಳುತ್ತಾರೆ. ಹುಡುಗಿ ಸ್ಟೇಟ್‌ಮೆಂಟ್ ತಿರುಗಿಸಿ ತೋರಿಸುತ್ತಾಳೆ: “ಸರ್, ಇದು ಯಾವ ಪಾರ್ಟಿಯ ದುಡ್ಡು ಅಂತ ಬ್ಯಾಂಕಿನಲ್ಲೂ ಬರೆದಿಲ್ಲ. ಸೇಲ್ಸ್‌ನವರನ್ನು ಎರಡು ಸಲ ಕೇಳಿದೆ, ಮೇಲ್ ಇದೆ ನೋಡಿ.” ಇಲ್ಲಿ ತಪ್ಪು ಅವಳದಲ್ಲ. ಸಸ್ಪೆನ್ಸ್ ಖಾಲಿ ಇರಬೇಕೆಂಬ ಗುರಿಯೇ ಅನ್ಯಾಯದ್ದು, ಏಕೆಂದರೆ ಅದು ಅವಳ ಕೈಯಲ್ಲಿಲ್ಲ. ಅದೇ ಸಭೆಯಲ್ಲಿ ಗುರಿಯನ್ನು ‘ಮೂರು ದಿನದೊಳಗೆ ವಿಚಾರಿಸಿ ಬರೆದಿಡುವುದು’ ಎಂದು ತಿದ್ದಿ ಇಬ್ಬರೂ ಸಹಿ ಹಾಕಬೇಕು. ಬ್ಯಾಂಕ್ ಕಮಿಷನ್ ಕಡಿತವಾದದ್ದನ್ನು ಪುಸ್ತಕಕ್ಕೆ ಏರಿಸದೆ ಬಿಟ್ಟಿದ್ದರೆ ಮಾತ್ರ ಅದು ಅವಳದೇ ತಪ್ಪು, ಅದನ್ನೂ ಬರೆದಿಡಲಿ. ಈ ಎರಡನ್ನೂ ಬೇರ್ಪಡಿಸುವುದೇ ಇಂಥ ಸಭೆಯ ಮುಖ್ಯ ಕೆಲಸ ಎಂದು ನನ್ನ ಅಭಿಪ್ರಾಯ. ಹೊಗಳಿಕೆ, ಬೈಗುಳ ಎರಡೂ ಆಮೇಲಿನ ಮಾತು.

ಇನ್ನು ತೀರ್ಮಾನ. 2ಬಿ ತಾಳೆಯಲ್ಲಿ ಸೆಪ್ಟೆಂಬರ್‌ನಲ್ಲಿ ಒಂಬತ್ತು ತಪ್ಪು, ಅಕ್ಟೋಬರ್‌ನಲ್ಲಿ ಐದು, ನವೆಂಬರ್‌ನಲ್ಲಿ ಎರಡು. ‘ಇನ್ನೂ ಎರಡು ತಪ್ಪಿದೆಯಲ್ಲ, ಎರಡು ತಿಂಗಳು ಎಕ್ಸ್‌ಟೆಂಡ್ ಮಾಡಿ ನೋಡೋಣ’ ಎನ್ನುವುದು ಸುಲಭ. ಆದರೆ ಆ ಎರಡನ್ನು ತೆಗೆದು ನೋಡಿದರೆ ಎರಡೂ ಸರಬರಾಜುದಾರರ ಕ್ರೆಡಿಟ್ ನೋಟುಗಳು. ಅವನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ಹೇಳಿಕೊಟ್ಟ ತಪ್ಪು ಒಂದೂ ಮರುಕಳಿಸಿಲ್ಲ. ಹಾಗಾಗಿ ಕನ್ಫರ್ಮ್ ಮಾಡಬೇಕು. ಮೂರು ಸಲ ತಿದ್ದಿದ ಅದೇ ತಪ್ಪು ನವೆಂಬರ್‌ನಲ್ಲೂ ಕಂಡಿದ್ದರೆ, ಒಟ್ಟು ಸಂಖ್ಯೆ ಎರಡೇ ಆಗಿದ್ದರೂ ನಾನು ಕನ್ಫರ್ಮ್ ಮಾಡುತ್ತಿರಲಿಲ್ಲ.

ಅವಧಿ ವಿಸ್ತರಣೆಗೆ ನ್ಯಾಯವಾದ ಸಂದರ್ಭಗಳು ಕಡಿಮೆ. ಅವಳು ಕಾಯಿಲೆಯಿಂದ ಐದು ವಾರ ರಜೆಯಲ್ಲಿದ್ದು, ನೋಡಲು ಒಂದೇ ರಿಟರ್ನಿನ ಕೆಲಸ ಸಿಕ್ಕಿದ್ದರೆ ವಿಸ್ತರಿಸಬಹುದು. ಆಗ ಪತ್ರದಲ್ಲಿ ಕಾರಣ, ಯಾವ ಗುರಿ ಬಾಕಿ, ಯಾರು ಕಲಿಸುತ್ತಾರೆ, ಜನವರಿ 31ರ ಕೊನೆಯ ತಾರೀಖು, ಇಷ್ಟೂ ಇರಬೇಕು. ಬೇಡವೆನ್ನಲು ಧೈರ್ಯ ಸಾಲದೆ ವಿಸ್ತರಿಸಿದರೆ ಜನವರಿಯಲ್ಲೂ ಅದೇ ಕಷ್ಟ ಎದುರಾಗುತ್ತದೆ.

ಬೇಡವೆಂದು ತೀರ್ಮಾನಿಸಿದರೆ ಪತ್ರದ ಭಾಷೆಯ ಮೇಲೆ ಗಮನವಿರಲಿ. 1999ರ ದೀಪ್ತಿ ಪ್ರಕಾಶ್ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುರ್ನಡತೆಯ ಆರೋಪವೇ ಬುನಾದಿಯಾಗಿದ್ದರೆ ವಿಚಾರಣೆಯಿಲ್ಲದೆ ಪ್ರೊಬೇಷನರನ್ನು ತೆಗೆಯುವಂತಿಲ್ಲ ಎಂದಿತು. ಆದೇಶ ಉಲ್ಲೇಖಿಸುವ ಹಳೆಯ ಪತ್ರಗಳಲ್ಲಿ ಕಳಂಕದ ಮಾತಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಅದು ಸ್ವಾಯತ್ತ ಸರ್ಕಾರಿ ಸಂಸ್ಥೆಯೊಂದರ ಪ್ರಕರಣ. ಖಾಸಗಿಯವರ ನಿಯಮ ಬೇರೆಯಾದರೂ ಕಡತದಲ್ಲಿ ಕೆಲಸದ ವಿವರವಷ್ಟೇ ಇರಲಿ, ಗುಣದ ಮೇಲಿನ ಟೀಕೆ ಬೇಡ.

ನವೆಂಬರ್ 30 ದಾಟಿದರೂ ಪತ್ರ ಬರದಿದ್ದರೆ ಹುಡುಗಿ ಸುಮ್ಮನಿರಬಾರದು. ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ ಎಂಬ ಸಾಲು ಬಹಳಷ್ಟು ನೇಮಕಾತಿ ಪತ್ರಗಳಲ್ಲಿರುತ್ತದೆ. ನೋಟಿಸ್ ಅವಧಿಯೂ ಸಾಮಾನ್ಯವಾಗಿ ಬದಲಾಗುವುದು ಕನ್ಫರ್ಮ್ ಆದ ಮೇಲೆಯೇ. ಡಿಸೆಂಬರ್ ಮೊದಲ ವಾರವೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಉತ್ತರವನ್ನು ಬರವಣಿಗೆಯಲ್ಲೇ ಕೇಳಬೇಕು.