ಕೋಣೆ ನುಂಗುವ ಬಾಸ್

ಸಣ್ಣ ಕೋಣೆಯಲ್ಲಿ ಸ್ಪೀಕರಿನ ಬಾಸ್ ಎಲ್ಲ ಕಡೆಯೂ ಒಂದೇ ಸಮ ಕೇಳಿಸುವುದಿಲ್ಲ. ಮೂಲೆಯಲ್ಲಿ ನಿಂತಾಗ ಎದೆಗೆ ಗುದ್ದುವ ಸ್ವರ, ಕುರ್ಚಿಯಲ್ಲಿ ಕೂತಾಗ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣಗಾಗುತ್ತದೆ. ಸ್ಪೀಕರಿನಿಂದ ನೇರ ಬಂದ ಅಲೆಯೂ ಗೋಡೆಗೆ ಬಡಿದು ಹಿಂದಿರುಗಿದ ಅಲೆಯೂ ಆ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುವುದೇ ಕಾರಣ. ಧ್ವನಿ ತಂತ್ರಜ್ಞರು ಇದನ್ನು ‘ನಲ್’ ಅನ್ನುತ್ತಾರೆ. ಬಾಸ್ ಸಾಲದು ಎಂದು ಕಿವಿ ಹೇಳೀತು. ಎಷ್ಟು ಹರ್ಟ್ಸ್‌ನಲ್ಲಿ, ಎಷ್ಟು ಡೆಸಿಬೆಲ್ ಸಾಲದು ಎಂಬುದು ಅಳತೆಯಿಂದಲೇ ತಿಳಿಯಬೇಕು.

ಅಳೆಯಲು ಒಂದು ಟೆಸ್ಟ್ ಮೈಕ್, ಒಂದು ಲ್ಯಾಪ್‌ಟಾಪ್, ‘ರೂಮ್ ಇಕ್ಯೂ ವಿಝಾರ್ಡ್’ ಎಂಬ ಉಚಿತ ತಂತ್ರಾಂಶ ಸಾಕು. ಯುಎಸ್‌ಬಿ ಟೆಸ್ಟ್ ಮೈಕಿಗೆ ಅದರದೇ ಕ್ಯಾಲಿಬ್ರೇಶನ್ ಫೈಲ್ ಇರುತ್ತದೆ. ಮೊದಲು ಅದನ್ನು ತಂತ್ರಾಂಶಕ್ಕೆ ಕೊಡಬೇಕು. ಮೈಕನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ, ಕೇಳುವವರ ಕಿವಿ ಇರುವ ಜಾಗದಲ್ಲೇ ನಿಲ್ಲಿಸಬೇಕು. ಬಾಗಿಲು ಮುಚ್ಚಿ, ಫ್ಯಾನ್, ಏಸಿ ಆರಿಸಿದ ಮೇಲೆ ಸ್ವೀಪ್ ಬಿಡಬಹುದು. ಅತಿ ಮಂದ್ರದಿಂದ ತಾರಕ್ಕೆ ಕೆಲವೇ ಸೆಕೆಂಡಿನಲ್ಲಿ ಏರಿಹೋಗುವ ಒಂದೇ ಸ್ವರವೇ ಸ್ವೀಪ್. ಯಾವ ಕಂಪನ ಎಷ್ಟು ಜೋರಾಗಿ ಮೈಕನ್ನು ಮುಟ್ಟಿತು ಎಂಬುದನ್ನು ತಂತ್ರಾಂಶ ಗೆರೆಯಾಗಿ ಬರೆಯುತ್ತದೆ. ಎಡ ಬಲ ಸ್ಪೀಕರುಗಳನ್ನು ಬೇರೆ ಬೇರೆಯಾಗಿ ಅಳೆಯುವುದು ಒಳ್ಳೆಯದು. ಗೆರೆಯನ್ನು ನುಣುಪಾಗಿಸುವ ಸ್ಮೂದಿಂಗ್ ಸೌಲಭ್ಯವನ್ನು ಇಲ್ಲಿ ಬಳಸಲೇಬಾರದು. ಹುಡುಕುತ್ತಿರುವ ತಗ್ಗನ್ನೇ ಅದು ಮುಚ್ಚಿಹಾಕುತ್ತದೆ.

14 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕುರ್ಚಿ ಹಿಂದಿನ ಗೋಡೆಯಿಂದ ಮೂರೂವರೆ ಅಡಿ, ಅಂದರೆ 1.07 ಮೀಟರ್ ಮುಂದಿದೆ. ಸ್ವೀಪ್‌ನ ಗೆರೆ 80 ಹರ್ಟ್ಸ್ ಬಳಿ ಸುಮಾರು 18 ಡೆಸಿಬೆಲ್ ಕುಸಿದಿದೆ ಎನ್ನೋಣ. 80 ಹರ್ಟ್ಸ್ ಅಲೆಯ ಉದ್ದ ಸುಮಾರು 4.3 ಮೀಟರ್. ಕಿವಿಯನ್ನು ದಾಟಿ ಗೋಡೆಗೆ ಹೋಗಿ ಮರಳುವ ಅಲೆ 2.14 ಮೀಟರ್ ಹೆಚ್ಚು ನಡೆಯುತ್ತದೆ. ಅದು ಸರಿಸುಮಾರು ಅರ್ಧ ಅಲೆ. ಹಾಗಾಗಿ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದು ಕೂರುತ್ತದೆ. ಕೋಣೆಯ ಉದ್ದದಲ್ಲಿ ಸರಿಯಾಗಿ ಒಂದು ಪೂರ್ಣ ಅಲೆ ಹಿಡಿಯುವುದೂ ಈ 80 ಹರ್ಟ್ಸ್‌ನಲ್ಲೇ ಆದ್ದರಿಂದ ತಗ್ಗು ಇನ್ನಷ್ಟು ಆಳವಾಗುತ್ತದೆ.

ಈಕ್ವಲೈಸರಿನಲ್ಲಿ 80 ಹರ್ಟ್ಸ್ ಏರಿಸಿದರಾಯಿತಲ್ಲ ಎಂದು ತೋರುವುದು ಸಹಜ. ಆದರೆ ನೇರ ಅಲೆಯನ್ನು ಏರಿಸಿದಷ್ಟೇ ಪ್ರತಿಫಲಿತ ಅಲೆಯೂ ಏರುತ್ತದೆ, ಅಳಿಸಾಟ ಇದ್ದಲ್ಲೇ ಇರುತ್ತದೆ. 6 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು, ಕುರ್ಚಿಯಲ್ಲಿ ಕೂತವರಿಗೆ ಸಿಗುವುದು ಅತ್ಯಲ್ಪ.

ಮಾಡಬೇಕಾದ್ದು ಮೈಕನ್ನು ಸರಿಸಿ ಮತ್ತೆ ಅಳೆಯುವುದು. ಮೈಕನ್ನು 40 ಸೆಂಟಿಮೀಟರ್ ಮುಂದಿಟ್ಟಾಗ 80ರ ತಗ್ಗು ತುಂಬಿಕೊಂಡರೆ ತಪ್ಪು ಕುರ್ಚಿಯ ಜಾಗದ್ದು. ಮೈಕ್ ಅಲ್ಲೇ ಇದ್ದು ಸ್ಪೀಕರ್ ಸರಿಸಿದಾಗ ತಗ್ಗು ಬೇರೆ ಹರ್ಟ್ಸ್‌ಗೆ ಜರುಗಿದರೆ, ಸ್ಪೀಕರಿಗೂ ಅದರ ಹತ್ತಿರದ ಗೋಡೆಗೂ ಇರುವ ಅಂತರವನ್ನು ಅನುಮಾನಿಸಬೇಕು. ಕುರ್ಚಿಯನ್ನು ಮುಂದೆ ತರುವುದಕ್ಕೂ ಮಿತಿಯುಂಟು: ಕೋಣೆಯ ನಟ್ಟನಡುವೆ ಬಂದರೆ 80 ಹರ್ಟ್ಸ್ ಮರಳಿ ಬರುತ್ತದೆ, 40 ಹರ್ಟ್ಸ್ ಮಾಯವಾಗುತ್ತದೆ. ಈ ಕೋಣೆಯಲ್ಲಿ ಹಿಂದಿನ ಗೋಡೆಯಿಂದ ಐದಡಿಯ ಆಸುಪಾಸು ಎರಡಕ್ಕೂ ಸಹ್ಯವಾದ ಜಾಗ.

ಕುರ್ಚಿ ಸರಿಸಲು ಸ್ಥಳವಿಲ್ಲದಾಗ, ಅಥವಾ ಸರಿಸಿದ ಮೇಲೂ ತಗ್ಗು ಉಳಿದಾಗ, ಬಾಸ್ ಟ್ರ್ಯಾಪ್ ಮಾತು ಬರುತ್ತದೆ. ಅಂಗಡಿಯಲ್ಲಿ ಸಿಗುವ ಎರಡಿಂಚಿನ ಫೋಮ್ ಇಲ್ಲಿ ದಂಡ. ರಾಕ್‌ವೂಲ್‌ನ ಹಲಗೆ ಗಾಳಿಯ ಓಡಾಟಕ್ಕೆ ತಡೆಯೊಡ್ಡಿ ಶಬ್ದವನ್ನು ಹೀರುತ್ತದೆ. ಗೋಡೆಯ ಮೈಮೇಲೆ ಗಾಳಿಗೆ ಆ ಓಡಾಟವೇ ಇಲ್ಲ. 80 ಹರ್ಟ್ಸ್‌ಗೆ ಅದು ಅತಿ ಹೆಚ್ಚಾಗಿರುವುದು ಗೋಡೆಯಿಂದ ಕಾಲು ಅಲೆಯಷ್ಟು ದೂರದಲ್ಲಿ, ಅಂದರೆ ಒಂದು ಮೀಟರಿನಾಚೆ. ಅಷ್ಟು ದಪ್ಪದ ಹಲಗೆಗೆ ಮನೆಯಲ್ಲಿ ಜಾಗ ಎಲ್ಲಿ? ಆರಿಂಚು ದಪ್ಪದ ಹಲಗೆಗಳನ್ನು ಗೋಡೆಗೆ ಅಂಟಿಸದೆ, ಹಿಂದೆ ಅಷ್ಟೇ ಖಾಲಿ ಜಾಗ ಬಿಟ್ಟು ನಿಲ್ಲಿಸುವುದು ನಡುದಾರಿ. ಈ ಕೋಣೆಯಲ್ಲಿ ಅವು ಮೊದಲು ಬೇಕಾದದ್ದು ಕುರ್ಚಿಯ ಹಿಂದಿನ ಗೋಡೆಗೆ, ಆಮೇಲೆ ಮೂಲೆಗಳಿಗೆ.

40 ಹರ್ಟ್ಸ್‌ನ ತೊಂದರೆಗೆ ಈ ದಪ್ಪವೂ ಸಾಲದು. ಅಲ್ಲಿ ಒಂದೇ ಸ್ವರಕ್ಕೆ ಹೊಂದಿಸಿದ ಪೊರೆಯ ಪೆಟ್ಟಿಗೆಗಳು ಬೇಕು. ಹೊಂದಿಕೆ ಸ್ವಲ್ಪ ತಪ್ಪಿದರೂ ಅವು ಬರೀ ಪೀಠೋಪಕರಣ. ಆದ್ದರಿಂದಲೇ ಯಾವ ಹರ್ಟ್ಸ್ ಎಂಬುದು ಖಚಿತವಾಗುವವರೆಗೆ ಟ್ರ್ಯಾಪ್‌ಗೆ ಹಣ ಹಾಕಬಾರದು.

ಹಲಗೆಗಳನ್ನು ನಿಲ್ಲಿಸಿದ ಬಳಿಕ ಮೈಕನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಅದೇ ವಾಲ್ಯೂಮಿನಲ್ಲಿ ಮತ್ತೊಂದು ಸ್ವೀಪ್ ಬಿಟ್ಟು, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಮೈಕಿನ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿರದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. 18 ಡೆಸಿಬೆಲ್ ತಗ್ಗು ಎಂಟೊಂಬತ್ತಕ್ಕೆ ಬಂದಿದ್ದರೆ ಟ್ರ್ಯಾಪ್ ಚೆನ್ನಾಗಿಯೇ ಕೆಲಸ ಮಾಡಿದೆ. ಸಣ್ಣ ಕೋಣೆಯಲ್ಲಿ ಗೆರೆ ಪೂರ್ತಿ ಸಮತಟ್ಟಾಗುವುದಿಲ್ಲ.