ಪಿಯುಸಿ ಮಕ್ಕಳಿಗೆ ಎರಡು ಗಂಟೆಯ ಪಾಠ: ಕಾಂಬಿನೇಷನ್‌ನಿಂದ ಆಪ್ಷನ್ ಎಂಟ್ರಿವರೆಗೆ

ಪಿಯು ಕಾಲೇಜುಗಳ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಗಳು ಬಹುಪಾಲು ಒಂದೇ ಥರ ನಡೆಯುತ್ತವೆ. ಹಾರ, ಶಾಲು, ಅತಿಥಿಗಳ ಭಾಷಣ, ದೊಡ್ಡ ಕನಸು ಕಾಣಿ ಎಂಬ ಉಪದೇಶ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಪಿಸಿಎಂಸಿ ತಗೊಂಡ್ರೆ ನೀಟ್ ಬರೀಬಹುದಾ?" ಎನ್ನುತ್ತಾಳೆ. ಆ ಹೊತ್ತಿಗೆ ವಂದನಾರ್ಪಣೆ ಶುರುವಾಗಿರುತ್ತದೆ. ನನ್ನ ಮಟ್ಟಿಗೆ ಕಾರ್ಯಕ್ರಮ ಆರಂಭವಾಗಬೇಕಾದದ್ದೇ ಆ ಪ್ರಶ್ನೆಯಿಂದ.

ಮೊದಲ ಅರ್ಧ ಗಂಟೆ ಕಾಂಬಿನೇಷನ್‌ಗೆ ಮೀಸಲಿಡಿ. ಇದನ್ನು ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ದಾಖಲಾತಿಗೆ ಮುಂಚೆ ಒಮ್ಮೆ ಹೇಳಬೇಕು, ಪ್ರಥಮ ಪಿಯು ಮಕ್ಕಳಿಗೆ ಮತ್ತೊಮ್ಮೆ ಹೇಳಬೇಕು. ಕರಿಹಲಗೆಯ ಎಡಕ್ಕೆ ಕಾಂಬಿನೇಷನ್, ಬಲಕ್ಕೆ ಕೋರ್ಸು ಬರೆದು ನಡುವೆ ಗೆರೆ ಎಳೆಯುತ್ತಾ ಹೋಗಿ. ಪಿಸಿಎಂಬಿ ಓದಿದವರು ಎಂಜಿನಿಯರಿಂಗ್‌ಗೂ ಹೋಗಬಹುದು, ವೈದ್ಯಕೀಯಕ್ಕೂ ಹೋಗಬಹುದು. ಪಿಸಿಎಂಸಿಯಲ್ಲಿ ಜೀವಶಾಸ್ತ್ರವಿಲ್ಲ, ಆದ್ದರಿಂದ ನೀಟ್‌ಗೆ ನೇರ ದಾರಿಯಿಲ್ಲ. ಪಿಯುಸಿ ಆದಮೇಲೂ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿದೆ. ಅದು ಸುತ್ತುದಾರಿ, ಅದನ್ನು ನಂಬಿ ಕಾಂಬಿನೇಷನ್ ಆರಿಸುವುದು ಬೇಡ.

ಐದು ವರ್ಷದ ಕಾನೂನು ಕೋರ್ಸಿಗೆ ಕಲೆ, ವಾಣಿಜ್ಯ, ವಿಜ್ಞಾನ ಮೂರೂ ನಡೆಯುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಬೇಕೆಂದರೆ ಕ್ಲ್ಯಾಟ್ ಬರೆಯಬೇಕು. ಸಿಎ ಫೌಂಡೇಷನ್ ಕೂಡ ಯಾವ ವಿಭಾಗದವರಿಗಾದರೂ ತೆರೆದಿದೆ, ಆದರೆ ಲೆಕ್ಕಶಾಸ್ತ್ರದ ಪರಿಚಯವೇ ಇಲ್ಲದ ವಿಜ್ಞಾನದ ಹುಡುಗನಿಗೆ ಆರಂಭ ಕಷ್ಟ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ಕೋರ್ಸುಗಳಿಗೆ ಸಿಯುಇಟಿ ಎಂಬ ಪರೀಕ್ಷೆ ಇದೆ. ಕಲಾ ವಿಭಾಗದ ಎಷ್ಟೋ ಮಕ್ಕಳಿಗೆ ತಮಗೂ ಪ್ರವೇಶ ಪರೀಕ್ಷೆಗಳಿವೆ ಎಂಬುದೇ ತಿಳಿದಿರುವುದಿಲ್ಲ.

"ಸೈನ್ಸ್ ತಗೊಂಡ್ರೆ ಎಲ್ಲಾ ಕಡೆಗೂ ಹೋಗಬಹುದು" ಎಂದು ಪೋಷಕರು ಹೇಳುವುದುಂಟು. ನಿಯಮದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ ಹತ್ತನೆಯ ತರಗತಿಯ ಗಣಿತದಲ್ಲಿ ಏದುಸಿರು ಬಿಟ್ಟು ಪಾಸಾದವನು ದ್ವಿತೀಯ ಪಿಯುನಲ್ಲಿ ಕ್ಯಾಲ್ಕುಲಸ್‌ಗೆ ಸಿಕ್ಕಿ ಫೇಲಾದರೆ ಎಲ್ಲ ಕಡೆಯ ದಾರಿಯೂ ಒಂದು ವರ್ಷ ಕಟ್ಟಾಗಬಹುದು. ಅಂಥವನಿಗೆ ಎಸ್ಸೆಸ್ಸೆಲ್ಸಿ ಆದಕೂಡಲೇ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಬಿಇಗೆ ಸೇರುವ ದಾರಿಯನ್ನೂ ಹೇಳಿ.

ಮುಂದಿನ ಅರ್ಧ ಗಂಟೆ ಲೆಕ್ಕ. ಮೂರು ಪರೀಕ್ಷೆಗಳೂ ಪಿಯುಸಿ ಅಂಕವನ್ನು ಬೇರೆಬೇರೆ ರೀತಿ ನೋಡುತ್ತವೆ ಎಂಬುದು ಮಕ್ಕಳಿಗೆ ಮನದಟ್ಟಾಗಬೇಕು. ನೀಟ್ ರ್‍ಯಾಂಕಿಗೆ ಪಿಯುಸಿ ಅಂಕ ಸೇರುವುದಿಲ್ಲ, ಅದು ಅರ್ಹತೆಗೆ ಮಾತ್ರ. ಜೆಇಇ ಮೇನ್‌ನಲ್ಲೂ ಹಾಗೆಯೇ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಮಾತ್ರ ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು, ಉಳಿದರ್ಧ ಸಿಇಟಿ ಅಂಕಗಳದ್ದು.

ಇಬ್ಬರು ವಿದ್ಯಾರ್ಥಿನಿಯರ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿ. ಮೊದಲನೆಯವಳಿಗೆ ಪಿಯುಸಿಯ ಆ ಮೂರು ವಿಷಯಗಳಲ್ಲಿ 300ಕ್ಕೆ 285, ಅಂದರೆ ಶೇ 95. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಎರಡರ ಸರಾಸರಿ 72.5. ಎರಡನೆಯವಳಿಗೆ ಪಿಯುಸಿಯಲ್ಲಿ 246, ಶೇ 82. ಸಿಇಟಿಯಲ್ಲಿ 126, ಶೇ 70. ಸರಾಸರಿ 76. ಬೋರ್ಡ್ ಪರೀಕ್ಷೆಯಲ್ಲಿ 39 ಅಂಕ ಹಿಂದಿದ್ದವಳು ರ್‍ಯಾಂಕಿನಲ್ಲಿ ಮುಂದೆ ಹೋದಳು. ಕಾರಣ ಸರಳ. 300 ಅಂಕಕ್ಕೂ 180 ಅಂಕಕ್ಕೂ ಒಂದೇ ತೂಕ ಕೊಟ್ಟಾಗ ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮನಾಗುತ್ತದೆ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಿಗೆ 1 ಹೋಗುತ್ತದೆ. ಎರಡನ್ನೂ ಬರೆಯುವ ಮಕ್ಕಳು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ಯುವುದೇ ತೊಂದರೆ. ಸಿಇಟಿ ಓಎಂಆರ್ ಹಾಳೆಯಲ್ಲಿ ಖಾಲಿ ಉಳಿದ ವೃತ್ತಗಳು ಸಾಮಾನ್ಯವಾಗಿ ನೀಟ್ ಕೋಚಿಂಗಿನ ಎಚ್ಚರಿಕೆಯ ಫಲ.

ಮೂರನೆಯ ಭಾಗ ಕಾಗದಪತ್ರ. ಭಾಷಣಕಾರರಿಗೆ ಇದು ಬೇಸರದ ವಿಷಯ, ಆದರೆ ಸೀಟು ತಪ್ಪುವುದು ಇಲ್ಲಿಯೇ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿವರೆಗಿನ ಹತ್ತೂ ವರ್ಷ ಲೆಕ್ಕಕ್ಕೆ ಬರುತ್ತದೆ. ಏಳರವರೆಗೆ ಹಳ್ಳಿಯಲ್ಲಿ ಓದಿ ಎಂಟಕ್ಕೆ ಪಟ್ಟಣದ ಶಾಲೆ ಸೇರಿದ ಹುಡುಗನಿಗೆ ಗ್ರಾಮೀಣ ಮೀಸಲಾತಿ ಸಿಗದು. ಎಂಟರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದವಳಿಗೆ ಕನ್ನಡ ಮಾಧ್ಯಮದ್ದು ಸಿಗದು. ಸಿಗುವವರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ತಂದು ಬಿಇಒ ಮೇಲುಸಹಿ ಮಾಡಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯದ್ದು, ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಅಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿನಂತೆಯೇ ಇರಬೇಕು. ಇನಿಷಿಯಲ್ ಹಿಂದುಮುಂದಾಗಿದ್ದರೂ ಈಗಲೇ ಸರಿಪಡಿಸಿಕೊಳ್ಳುವುದು ಮೇಲು. ಪ್ರತಿ ವಿದ್ಯಾರ್ಥಿಯೂ ತಾನು ಓದಿದ ಶಾಲೆಗಳನ್ನು ವರ್ಷವಾರು ಒಂದು ಹಾಳೆಯಲ್ಲಿ ಬರೆಯಲಿ. ಹತ್ತು ನಿಮಿಷದಲ್ಲಿ ಯಾರಿಗೆ ಏನು ಅನ್ವಯಿಸುತ್ತದೆ ಎಂಬುದು ಗೊತ್ತಾಗುತ್ತದೆ.

ಉಳಿದ ಸಮಯವೆಲ್ಲ ಆಪ್ಷನ್ ಎಂಟ್ರಿಗೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ, ಆಡಿಸಬೇಕು. ಹತ್ತು ಚೀಟಿಗಳ ಮೇಲೆ ಕಾಲೇಜು ಮತ್ತು ಬ್ರಾಂಚಿನ ಹೆಸರು ಬರೆದು ಒಬ್ಬ ಹುಡುಗನಿಗೆ ತನ್ನ ಇಷ್ಟದ ಕ್ರಮದಲ್ಲಿ ಜೋಡಿಸಲು ಹೇಳಿ. ಅವನಿಗೆ ನಾಲ್ಕನೆಯ ಚೀಟಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಈಗ ಅವನ ಮುಂದೆ ನಾಲ್ಕು ಚಾಯ್ಸ್‌ಗಳಿವೆ. ಮೊದಲನೆಯದು, ಇದೇ ಸಾಕು ಎಂದು ಶುಲ್ಕ ಕಟ್ಟಿ ಸೇರುವುದು. ಎರಡನೆಯದು, ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು.

ಎರಡನೆಯದನ್ನು ಆರಿಸಿದರೆ ಐದರಿಂದ ಹತ್ತರವರೆಗಿನ ಚೀಟಿಗಳನ್ನು ಅವನ ಕೈಯಿಂದ ಕಿತ್ತುಕೊಳ್ಳಿ. ಇನ್ನು ಆಟದಲ್ಲಿರುವುದು ಮೊದಲ ಮೂರು ಮಾತ್ರ. ಅವುಗಳಲ್ಲಿ ಒಂದು ಸಿಕ್ಕಿದರೆ ನಾಲ್ಕನೆಯದು ತಾನಾಗಿ ರದ್ದಾಗುತ್ತದೆ, ಬೇಕೆಂದರೂ ಮರಳಿ ಬರುವುದಿಲ್ಲ. ಹಾಗಾಗಿ ಪಟ್ಟಿಯ ಮೇಲ್ಭಾಗದಲ್ಲಿ, ಸಿಕ್ಕರೂ ಹಾಸ್ಟೆಲ್ ಖರ್ಚಿಗೆ ಹೆದರಿ ಸೇರಲಾರದ ಕಾಲೇಜನ್ನು ಬರೆದಿಡುವುದು ಅಪಾಯ. ಹಿಂದಿನ ವರ್ಷದ ಕಟಾಫ್ ನೋಡಿ "ನಮಗೆಲ್ಲಿ ಸಿಗುತ್ತೆ" ಎಂದು ಇಷ್ಟದ ಕಾಲೇಜನ್ನು ಕೆಳಗೆ ತಳ್ಳುವುದೂ ತಪ್ಪೇ. ಸಾಫ್ಟ್‌ವೇರ್ ಮೇಲಿನಿಂದ ಕೆಳಗೆ ನೋಡುತ್ತಾ ಬಂದು ರ್‍ಯಾಂಕಿಗೆ ಮೊದಲು ಸಿಗುವ ಸೀಟನ್ನು ಕೊಡುತ್ತದೆ. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಯಾವ ನಷ್ಟವೂ ಇಲ್ಲ. ಮೊದಲ ಸುತ್ತಿಗೆ ಮುಂಚೆ ಅಣಕು ಹಂಚಿಕೆ ನಡೆಸಿ, ಕ್ರಮ ಬದಲಿಸಿಕೊಳ್ಳಲು ಪ್ರಾಧಿಕಾರ ಅವಕಾಶ ಕೊಡುತ್ತದೆ. ಅದರ ಫಲಿತಾಂಶವನ್ನೇ ಸೀಟು ಎಂದುಕೊಂಡು ಊರೆಲ್ಲ ಸಿಹಿ ಹಂಚಿದವರಿದ್ದಾರೆ.

ಪ್ರಾಚಾರ್ಯರಲ್ಲಿ ಒಂದು ವಿನಂತಿ. ಇದನ್ನು ಸಿಇಟಿ ಅರ್ಜಿಯ ಕಾಲಕ್ಕೆ ಮುಂದೂಡದೆ ಪ್ರಥಮ ಪಿಯುನ ಎರಡನೇ ಅವಧಿಯಲ್ಲೇ, ಅದೂ ಒಂದು ಭಾನುವಾರ ಇಟ್ಟುಕೊಳ್ಳಿ. ಶುಲ್ಕ ಕಟ್ಟುವವರು, ನಾಡಕಚೇರಿಗೆ ಅಲೆಯುವವರು ಅಪ್ಪ ಅಮ್ಮಂದಿರು. ಕೂಲಿ ಬಿಟ್ಟು ವಾರದ ದಿನ ಅವರು ಬರಲಾರರು.