ಗ್ರೂಪ್ ಲಾಕ್ ಮಾಡುವ ಹೊತ್ತು

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಧರ್ಮದ ಜಗಳ ಧರ್ಮದಿಂದಲೇ ಶುರುವಾಗುವುದು ಕಡಿಮೆ. ಪಾರ್ಕಿಂಗೋ ಕಸವೋ ಮೈಕಿನ ಸದ್ದೋ ಮೊದಲು ಬರುತ್ತದೆ. ಆ ದೂರು ಎಲ್ಲಿ ಕಳೆದುಹೋಯಿತು ಎಂದು ಗುರುತಿಸುವುದೇ ಅಡ್ಮಿನ್‌ನ ಅರ್ಧ ಕೆಲಸ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನಡೆಯಬಹುದಾದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಗಣೇಶನ ಪೆಂಡಾಲ್, ಸಮಯ ಹತ್ತೂಕಾಲು. ‘ಮಗಳಿಗೆ ನಾಳೆ ಟೆಸ್ಟ್ ಇದೆ, ಮೈಕ್ ಯಾವಾಗ ನಿಲ್ಲಿಸ್ತೀರಾ?’ ಎಂದು ಒಬ್ಬರು ಕೇಳುತ್ತಾರೆ. ‘ಬೆಳಗ್ಗೆ ಐದಕ್ಕೆ ಮಸೀದಿ ಮೈಕ್ ಕೇಳಿಸಲ್ವಾ ಮೇಡಂ?’ ಎಂದು ಇನ್ನೊಬ್ಬರು. ಮೂರನೆಯವರು ‘ನಿಮ್ಮವರದ್ದು ಯಾವಾಗಲೂ ಇದೇ’ ಎನ್ನುತ್ತಾರೆ. ನಾಲ್ಕನೆಯವರು ಎಲ್ಲಿಯದೋ ಗಲಭೆಯ ವಿಡಿಯೋ ಹಾಕುತ್ತಾರೆ. ಅದಕ್ಕೆ ಉತ್ತರವಾಗಿ ಒಂದು ಬೈಗುಳವೂ ಬೀಳುತ್ತದೆ.

ಮೊದಲನೆಯದು ದೂರು. ಎರಡನೆಯದು ಚುಚ್ಚುಮಾತಾದರೂ ಇನ್ನೂ ಮೈಕಿನ ವಿಷಯದಲ್ಲೇ ಇದೆ. ಮೂರನೆಯದರಲ್ಲಿ ‘ನಿಮ್ಮವರು’ ಬಂತು ನೋಡಿ, ಮಾತು ವಿಷಯ ಬಿಟ್ಟು ಮನುಷ್ಯರ ಮೇಲೆ ಹೊರಳಿದ್ದು ಅಲ್ಲೇ. ಅನುಭವಸ್ಥ ಅಡ್ಮಿನ್ ಬೈಗುಳಕ್ಕೆ ಕಾಯುವುದಿಲ್ಲ, ಈ ಸಾಲು ಕಂಡೊಡನೆ ಎಚ್ಚರವಾಗುತ್ತಾರೆ. ನಾಲ್ಕನೆಯದರ ಮೇಲೆ ಎರಡು ಬಾಣದ ಗುರುತಿದ್ದರೆ, ಆ ವಿಡಿಯೋ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಇಂಥ ಫಾರ್ವರ್ಡ್ ಅನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸುವಂತೆ ವಾಟ್ಸಾಪ್ 2020ರಲ್ಲೇ ಕಟ್ಟುಹಾಕಿತು. ಅದು ಎಲ್ಲಿಯದು, ಯಾವ ವರ್ಷದ್ದು ಎಂದು ಹಾಕಿದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಅದು ನಿಜವೋ ಸುಳ್ಳೋ ಎಂಬ ವಾದಕ್ಕೆ ಅಡ್ಮಿನ್ ಇಳಿಯಬೇಕಾಗಿಲ್ಲ. ‘ಊರಾಚೆಯ ಫಾರ್ವರ್ಡ್ ಇಲ್ಲಿ ಬೇಡ’ ಎಂಬ ನಿಯಮ ಗ್ರೂಪಿನ ವಿವರಣೆಯಲ್ಲಿ ಮೊದಲೇ ಇದ್ದರೆ ಸಾಕು. ಅಭಿಪ್ರಾಯಕ್ಕೆ ನಿಯಮ ಬರೆಯುವುದು ಕಷ್ಟ, ಫಾರ್ವರ್ಡ್‌ಗೆ ಸುಲಭ.

ಈಗ ಮಾಡಬೇಕಾದದ್ದು, ಗ್ರೂಪಿನ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಬದಲಾಯಿಸುವುದು. ಲಾಕ್ ಮಾಡಿದೊಡನೆ ಒಂದು ಸಾಲು ಬರೆಯಬೇಕು: ‘ಬೆಳಗ್ಗೆ ಎಂಟಕ್ಕೆ ತೆರೆಯುತ್ತೇವೆ, ಮೈಕಿನ ವಿಷಯಕ್ಕೆ ಉತ್ತರ ಕೊಡುತ್ತೇವೆ.’ ತೆರೆಯುವ ಸಮಯ ಹೇಳದೆ ಬಾಗಿಲು ಹಾಕಿದರೆ, ಹತ್ತು ಜನ ಸೇರಿ ರಾತ್ರಿಯೇ ಬೇರೆ ಗ್ರೂಪ್ ಕಟ್ಟುತ್ತಾರೆ. ಅಲ್ಲಿ ತಡೆಯುವವರೂ ಇರುವುದಿಲ್ಲ.

ಡಿಲೀಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡುವುದು ಒಳ್ಳೆಯದು. ನಾಳೆ ಯಾರಾದರೂ ಪೊಲೀಸರಲ್ಲಿಗೆ ಹೋದರೆ ಏನು ನಡೆಯಿತೆಂದು ತೋರಿಸಲು ಅದೇ ಆಧಾರ. ಆಮೇಲೆ ವಿಡಿಯೋ, ಬೈಗುಳ ಎರಡನ್ನೂ ಒಟ್ಟಿಗೇ ತೆಗೆಯಬೇಕು. ಅಡ್ಮಿನ್ ಅಳಿಸಿದ ಜಾಗದಲ್ಲಿ ಅವರ ಹೆಸರು ಎಲ್ಲರಿಗೂ ಕಾಣುತ್ತದೆ. ಒಂದನ್ನು ಅಳಿಸಿ ಇನ್ನೊಂದನ್ನು ಅರ್ಧ ಗಂಟೆ ಬಿಟ್ಟರೆ, ಆ ಅರ್ಧ ಗಂಟೆಯನ್ನು ಜನ ವರ್ಷಗಟ್ಟಲೆ ನೆನಪಿಡುತ್ತಾರೆ. ಅಡ್ಮಿನ್‌ಗೂ ಒಂದು ಪಕ್ಷ, ಒಂದು ದೇವರು ಇದ್ದೇ ಇರುತ್ತದಲ್ಲ. ಅದಕ್ಕೇ ಬೇರೆ ಒಲವಿನವರೊಬ್ಬರನ್ನು ಜೊತೆ ಅಡ್ಮಿನ್ ಮಾಡಿಕೊಂಡು, ಅವರನ್ನು ಕೇಳಿಯೇ ಅಳಿಸುವುದು ಕ್ಷೇಮ.

ಬುದ್ಧಿಮಾತನ್ನು ಗ್ರೂಪಿನಲ್ಲಿ ಹೇಳಬಾರದು. ನೂರೈವತ್ತು ಮನೆಯವರ ಮುಂದೆ ತಿದ್ದಿಸಿಕೊಂಡವರು ಸೋಲೊಪ್ಪುವುದಿಲ್ಲ. ಫೋನ್ ಮಾಡಿ, ‘ಅಂಕಲ್, ವಿಡಿಯೋ ತೆಗೆದಿದ್ದೀನಿ, ಅವರ ಬೈಗುಳಾನೂ ತೆಗೆದಿದ್ದೀನಿ. ಮೈಕಿನ ಬಗ್ಗೆ ನಿಮ್ಮ ದೂರು ಇದ್ದರೆ ಹೇಳಿ, ಬರ್ಕೊಳ್ತೀನಿ’ ಎಂದರೆ ಬಹಳಷ್ಟು ಜನ ಮೆತ್ತಗಾಗುತ್ತಾರೆ. ಬೈದವರಿಗೂ ಅದೇ ರಾತ್ರಿ ಅದೇ ಧಾಟಿಯ ಫೋನ್ ಹೋಗಬೇಕು.

ಗ್ರೂಪಿನಿಂದ ತೆಗೆದುಹಾಕುವ ಮಾತು ಬಂದಾಗ ಇನ್ನೊಂದು ತೊಡಕು. ಅದೇ ಗ್ರೂಪಿನಲ್ಲಿ ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿಯ ಸೂಚನೆ ಬರುತ್ತಿದ್ದರೆ, ಮೇಂಟೆನೆನ್ಸ್ ಕಟ್ಟುವ ಮನೆಯವರನ್ನು ಹೊರಗಿಡುವುದು ಹೇಗೆ? ಸೂಚನೆಗೇ ಒಂದು, ಹರಟೆಗೇ ಒಂದು ಎಂದು ಎರಡು ಗ್ರೂಪ್ ಇದ್ದರೆ ಹರಟೆಯಿಂದ ಮಾತ್ರ ಒಂದು ವಾರ ದೂರವಿಡಬಹುದು.

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಜೈಲಿಗೆ ಹೋಗುತ್ತಾರೆ ಎಂಬ ಭಯ ಮಾತ್ರ ಅತಿಯಾದದ್ದು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಪೋಸ್ಟಿನ ಅಪರಾಧ ಅವರ ತಲೆಗೆ ಬರುವುದಿಲ್ಲ ಎಂದಿವೆ. ತಾವೂ ಕೈಜೋಡಿಸಿದ್ದರೆ ಮಾತು ಬೇರೆ.

ಬೆಳಗ್ಗೆ ಎಂಟಕ್ಕೆ ತೆರೆದಾಗ ಮೊದಲ ಮೆಸೇಜ್ ಮೈಕಿನದ್ದೇ ಆಗಿರಬೇಕು, ಯಾಕೆಂದರೆ ಮೊದಲ ದೂರಿಗೆ ಇನ್ನೂ ಉತ್ತರ ಸಿಕ್ಕಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. ಪೆಂಡಾಲಿನ ಹತ್ತೂಕಾಲಕ್ಕೂ ಮಸೀದಿಯ ಐದಕ್ಕೂ ಅನ್ವಯಿಸುವುದು ಈ ಒಂದೇ ನಿಯಮ. ಅದನ್ನು ಎರಡು ಸಾಲಿನಲ್ಲಿ ಹಾಕಿ, ಪೆಂಡಾಲಿಗೆ ಅನುಮತಿ ಎಷ್ಟು ಗಂಟೆಯವರೆಗೆ ಇದೆ ಎಂದು ಸೆಕ್ರೆಟರಿ ವಿಚಾರಿಸಿಕೊಂಡು ಸಂಜೆಯೊಳಗೆ ತಿಳಿಸುತ್ತಾರೆ ಎಂದು ಬರೆದರೆ, ಟೆಸ್ಟ್ ಇರುವ ಹುಡುಗಿಯ ತಾಯಿಗೂ ಉತ್ತರ ಸಿಕ್ಕಂತಾಗುತ್ತದೆ.